ಕಾಗೆಗೆ 24, ಅಜ್ಜಿಗೆ 12

ತಾರಸಿಯ ಮೇಲೆ ಹಪ್ಪಳ ಒಣಹಾಕಿ, ಕೋಲು ಹಿಡಿದು ಕಾಯುತ್ತ ತೂಕಡಿಸುವ ಅಜ್ಜಿ. ಎದುರಿಗೆ ಹೊಂಚು ಹಾಕುವ ಕಾಗೆ. ಇಷ್ಟೇ ಕಥೆ, ಒಂದೂವರೆ ನಿಮಿಷದ್ದು. ಕೈಯಲ್ಲೇ ಬಿಡಿಸಿ ಒಂದು ಕಾರ್ಟೂನ್ ಮಾಡಬೇಕೆಂಬ ಹಳೆಯ ಆಸೆಗೆ ಇದು ಸಾಕು ಅನ್ನಿಸಿತು. ಅಜ್ಜಿಯ ಮೂಗುತಿ, ಕಾಗೆಯ ಕೊಕ್ಕು, ಒಣಹಾಕಿದ ಸೀರೆಯ ಅಂಚು, ಎಲ್ಲವೂ ಒಂದೇ ಸಂಜೆಯಲ್ಲಿ ಸಿದ್ಧವಾದವು. ಮರುದಿನ ಲೆಕ್ಕಕ್ಕೆ ಕೂತೆ. ಸಿನಿಮಾ ಎಂದರೆ ಸೆಕೆಂಡಿಗೆ 24 ಫ್ರೇಮು. 90 ಸೆಕೆಂಡಿಗೆ 2160. ಒಂದು ಚಿತ್ರ ಬಿಡಿಸಿ, ಗೆರೆ ತೀಡಿ, ಬಣ್ಣ ತುಂಬಲು ನನಗೆ 20 ನಿಮಿಷ ಬೇಕು. ಒಟ್ಟು 720 ಗಂಟೆ. ಆಫೀಸು ಮುಗಿಸಿ ಬಂದು ದಿನಾ ಎರಡು ಗಂಟೆ ಕೂತರೂ 360 ರಾತ್ರಿ. ಒಂದು ಹಪ್ಪಳದ ಕಳ್ಳತನಕ್ಕೆ ಹೆಚ್ಚುಕಡಿಮೆ ಒಂದು ವರ್ಷ.

ಕೊನೆಗೆ ಅದು ನಾನೂರ ಚಿಲ್ಲರೆ ಚಿತ್ರಗಳಲ್ಲಿ ಮುಗಿಯಿತು. ನೋಡಿದವರು ಯಾರೂ ಎಲ್ಲೋ ಚಿತ್ರ ಕಡಿಮೆಯಾಯಿತಲ್ಲ ಎನ್ನಲಿಲ್ಲ. ಉಳಿದ 1700 ಚಿತ್ರಗಳನ್ನು ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಲು ಹೋದರೆ ಕೆಡುತ್ತದೆ ಎಂಬುದೇ ಈ ಬರಹ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಸೆಕೆಂಡಿಗೆ ಎಷ್ಟು ಫ್ರೇಮು ಎಂಬುದು ಒಂದು ಪ್ರಶ್ನೆ, ಸೆಕೆಂಡಿಗೆ ಎಷ್ಟು ಚಿತ್ರ ಎಂಬುದು ಬೇರೆಯೇ ಪ್ರಶ್ನೆ. ಸಂಗೀತ ಕಲಿತವರಿಗೆ ಇದು ಸುಲಭ. ಸರಳೆ ವರಸೆಯನ್ನು ಒಂದನೇ ಕಾಲದಲ್ಲಿ ಹಾಡಿದರೂ ಎರಡನೇ ಕಾಲದಲ್ಲಿ ಹಾಡಿದರೂ ತೊಡೆಯ ಮೇಲೆ ಬೀಳುವ ತಾಳ ಒಂದೇ. ಬದಲಾಗುವುದು ಒಂದು ಎಣಿಕೆಗೆ ಎಷ್ಟು ಸ್ವರ ಎಂಬುದು ಮಾತ್ರ. ಫ್ರೇಮ್ ರೇಟ್ ತಾಳ, ಚಿತ್ರ ಸ್ವರ. 24 ಫ್ರೇಮಿನ ತಾಳದಲ್ಲಿ ಪ್ರತಿ ಫ್ರೇಮಿಗೂ ಹೊಸ ಚಿತ್ರ ಕೊಟ್ಟರೆ ಅದಕ್ಕೆ ಅನಿಮೇಟರುಗಳು ‘ಒನ್ಸ್’ ಎನ್ನುತ್ತಾರೆ. ಒಂದೇ ಚಿತ್ರವನ್ನು ಎರಡು ಫ್ರೇಮು ನಿಲ್ಲಿಸಿದರೆ ‘ಟೂಸ್’, ಸೆಕೆಂಡಿಗೆ 12 ಚಿತ್ರ. ಮೂರು ಫ್ರೇಮು ನಿಲ್ಲಿಸಿದರೆ ‘ಥ್ರೀಸ್’, ಸೆಕೆಂಡಿಗೆ 8.

24 ಎಂಬ ಸಂಖ್ಯೆಯನ್ನು ಚಿತ್ರ ಬಿಡಿಸುವವರು ಆರಿಸಿದ್ದಲ್ಲ. ಮೂಕಿ ಸಿನಿಮಾದ ಕಾಲದಲ್ಲಿ ಕ್ಯಾಮೆರಾವನ್ನು ಕೈಯಲ್ಲೇ ತಿರುಗಿಸುತ್ತಿದ್ದರು, ವೇಗ ಹೆಚ್ಚುಕಡಿಮೆ ಆಗುತ್ತಿತ್ತು, ನೋಡುವವರು ಸಹಿಸಿಕೊಳ್ಳುತ್ತಿದ್ದರು. 1920ರ ದಶಕದ ಕೊನೆಗೆ ಮಾತು ಬಂತು. ಕಣ್ಣು ಕ್ಷಮಿಸಿದ್ದನ್ನು ಕಿವಿ ಕ್ಷಮಿಸುವುದಿಲ್ಲ. ರೀಲಿನ ವೇಗ ಚೂರು ಏರುಪೇರಾದರೂ ದನಿ ಕೀಚಲಾಗುತ್ತದೆ, ಇಲ್ಲವೇ ಗೊಗ್ಗರಾಗುತ್ತದೆ. ಹಾಗಾಗಿ ವೇಗ ಒಂದೇ ಕಡೆ ನಿಲ್ಲಬೇಕಾಯಿತು, ಅದು 24ರಲ್ಲಿ ನಿಂತಿತು. ಕಾರ್ಟೂನ್ ಮಾಡುವವರು ಆ ತಾಳಕ್ಕೇ ಹೊಂದಿಕೊಂಡರು. ಅವರು ಬಹುಬೇಗ ಕಂಡುಕೊಂಡದ್ದು ಏನೆಂದರೆ, ಸೆಕೆಂಡಿಗೆ 12 ಚಿತ್ರ ಇದ್ದರೆ ಸಾಧಾರಣ ಚಲನೆಗೆ ಧಾರಾಳವಾಗಿ ಸಾಕು. ಡಿಸ್ನಿ ಸ್ಟುಡಿಯೋದ ದೊಡ್ಡ ಸಿನಿಮಾಗಳಲ್ಲೂ ಬಹುಪಾಲು ನಟನೆ ಟೂಸ್‌ನಲ್ಲೇ ಇದೆ. ಆ ಕಾಲದ ಸ್ಟುಡಿಯೋಗಳಲ್ಲಿ ಹಾಳೆಗಳಿಗೆ 1, 3, 5, 7 ಎಂದು ಬೆಸ ಸಂಖ್ಯೆ ಮಾತ್ರ ಹಾಕುವ ರೂಢಿ ಇತ್ತು. ಯಾವುದಾದರೂ ಜಾಗದಲ್ಲಿ ವೇಗ ಹೆಚ್ಚಿ ನಡುವೆ ಚಿತ್ರ ಬೇಕೆನಿಸಿದರೆ 2, 4, 6 ಸೇರಿಸುತ್ತಿದ್ದರು. ಟೂಸ್ ಮನೆಯ ಅಡುಗೆ, ಒನ್ಸ್ ಹಬ್ಬದ್ದು.

ಇಲ್ಲಿ ಹೊಸಬರು ಬೀಳುವ ಹಳ್ಳವೊಂದಿದೆ. ಟೂಸ್ ಎಂದರೆ ಸೆಕೆಂಡಿಗೆ 12 ಚಿತ್ರ ತಾನೇ, ಹಾಗಾದರೆ ಸಾಫ್ಟ್‌ವೇರಿನಲ್ಲೇ 12 ಫ್ರೇಮ್ ಎಂದು ಹಾಕಿಬಿಟ್ಟರೆ ಆಯಿತಲ್ಲ ಎಂದು ನನಗೂ ಅನ್ನಿಸಿತ್ತು. ಟೈಮ್‌ಲೈನ್ ಚಿಕ್ಕದು, ಲೆಕ್ಕ ಸುಲಭ. ಮೂರು ವಾರ ಹಾಗೇ ಕೆಲಸ ಮಾಡಿದೆ. ಕಾಗೆ ಹಪ್ಪಳ ಕಚ್ಚುವ ಜಾಗ ಬಂದಾಗ ತಪ್ಪು ಗೊತ್ತಾಯಿತು. ಅಲ್ಲಿ ಒನ್ಸ್ ಬೇಕಿತ್ತು, ಆದರೆ 12ರ ತಾಳದಲ್ಲಿ ಎರಡು ಎಣಿಕೆಗಳ ನಡುವೆ ಚಿತ್ರ ಇಡಲು ಜಾಗವೇ ಇಲ್ಲ. ಕ್ಯಾಮೆರಾ ಪಕ್ಕಕ್ಕೆ ಸರಿಯುವಾಗ ಹಿನ್ನೆಲೆಯೂ ಸೆಕೆಂಡಿಗೆ 12 ಸಲವೇ ಜಿಗಿಯುತ್ತಿತ್ತು, ಎತ್ತಿನಗಾಡಿಯಿಂದ ಶೂಟ್ ಮಾಡಿದಂತೆ. 24ರಲ್ಲಿ ಕೂತು ಟೂಸ್ ಮಾಡಿದರೂ ಬಿಡಿಸುವ ಚಿತ್ರಗಳ ಸಂಖ್ಯೆ ಅಷ್ಟೇ, ಒಂದೂ ಹೆಚ್ಚಿಲ್ಲ. ಬೇಕಾದ ಕಡೆ ಒನ್ಸ್‌ಗೆ ಹೋಗುವ ದಾರಿ ಮಾತ್ರ ತೆರೆದಿರುತ್ತದೆ. 12ರಿಂದ ಉಳಿಯುವುದು ಶೂನ್ಯ, ಕಳೆದುಕೊಳ್ಳುವುದು ಬಹಳ.

ಹಾಗಾದರೆ 30 ಏಕೆ ಬೇಡ? ಮೊಬೈಲಿನ ಎಷ್ಟೋ ಆ್ಯಪ್‌ಗಳು ಅದನ್ನೇ ಮುಂದಿಡುತ್ತವೆ. ಲೆಕ್ಕ ನೋಡಿ: 30ರಲ್ಲಿ ಟೂಸ್ ಎಂದರೆ ಸೆಕೆಂಡಿಗೆ 15 ಚಿತ್ರ. 90 ಸೆಕೆಂಡಿಗೆ 1350. ಅದೇ 24ರಲ್ಲಿ 1080. ಕಣ್ಣಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಕೈಗೆ ಮಾತ್ರ 270 ಚಿತ್ರದ, ಅಂದರೆ 90 ಗಂಟೆಯ ಕೂಲಿ ಹೆಚ್ಚು. 25ರ ಕಥೆ ಬೇರೆ. ನಮ್ಮ ದೇಶದ ಟೆಲಿವಿಷನ್ ಮೊದಲಿನಿಂದ 25 ಫ್ರೇಮಿನ ಪದ್ಧತಿಯಲ್ಲಿ ನಡೆದದ್ದು. ನಿಮ್ಮ ಕಿರುಚಿತ್ರ ಚಾನೆಲ್ಲಿಗೇ ಹೋಗುವುದಾದರೆ ಅವರನ್ನು ಮೊದಲೇ ಕೇಳಿ 25 ಇಟ್ಟುಕೊಳ್ಳಬಹುದು. ಇಲ್ಲದಿದ್ದರೆ ಟೂಸ್‌ನಲ್ಲಿ ಸೆಕೆಂಡಿಗೆ ಹನ್ನೆರಡೂವರೆ ಚಿತ್ರ ಎಂಬ ಲೆಕ್ಕದೊಂದಿಗೆ ಬದುಕುವುದು ತಲೆನೋವು. 24ನ್ನು ಎರಡರಿಂದ ಭಾಗಿಸಿ, ಮೂರರಿಂದ ಭಾಗಿಸಿ, ನಾಲ್ಕರಿಂದ, ಆರರಿಂದ ಭಾಗಿಸಿ, ಪಾಲು ಸರಿಯಾಗಿ ಬರುತ್ತದೆ. ಬೆರಳೆಣಿಕೆಯಲ್ಲಿ ಕೆಲಸ ಮಾಡುವವನಿಗೆ ಇದಕ್ಕಿಂತ ಅನುಕೂಲದ ಸಂಖ್ಯೆ ಇಲ್ಲ.

ಇನ್ನೊಂದು ಗುಟ್ಟು ನನಗೆ ತಡವಾಗಿ ಹೊಳೆದದ್ದು. ಸಾಮಾನ್ಯ ಮೊಬೈಲು, ಲ್ಯಾಪ್‌ಟಾಪ್ ಪರದೆ ಸೆಕೆಂಡಿಗೆ 60 ಸಲ ಚಿತ್ರವನ್ನು ಹೊಸದಾಗಿ ತೋರಿಸುತ್ತದೆ. 24 ಫ್ರೇಮನ್ನು 60 ಸಲಕ್ಕೆ ಸಮನಾಗಿ ಹಂಚಲು ಬರುವುದಿಲ್ಲ. ಒಂದು ಫ್ರೇಮು ಮೂರು ಸಲ, ಮುಂದಿನದು ಎರಡು ಸಲ, ಹೀಗೆ ಕುಂಟುತ್ತ ಹಂಚಬೇಕು. ಒನ್ಸ್‌ನಲ್ಲಿ ಮಾಡಿದ ನುಣುಪಾದ ಚಲನೆಯಲ್ಲಿ ಈ ಕುಂಟು ಒಮ್ಮೊಮ್ಮೆ ಕಾಣುತ್ತದೆ. ಟೂಸ್‌ನಲ್ಲಿ ಒಂದು ಚಿತ್ರ ಎರಡು ಫ್ರೇಮು ನಿಲ್ಲುತ್ತದಲ್ಲ, ಮೂರು ಮತ್ತು ಎರಡು ಸೇರಿ ಐದು. ಪ್ರತಿ ಚಿತ್ರವೂ ಪರದೆಯ ಮೇಲೆ ಸರಿಯಾಗಿ ಐದು ಸಲ ಬರುತ್ತದೆ. ಅಗ್ಗದ ದಾರಿಯೇ ಇಲ್ಲಿ ಹೆಚ್ಚು ಸಮನಾದದ್ದು.

ಇನ್ನು ಒಂದು ಎಚ್ಚರಿಕೆ ಹೇಳಿ ಫ್ರೇಮ್ ರೇಟಿನ ಮಾತು ಮುಗಿಸುತ್ತೇನೆ. ಕೆಲಸ ಅರ್ಧ ಆದಮೇಲೆ ಅದನ್ನು ಮುಟ್ಟಬಾರದು. 24ರಲ್ಲಿ ಬಿಡಿಸಿದ 2160 ಫ್ರೇಮಿನ ಸಿನಿಮಾವನ್ನು 30 ಎಂದು ಬದಲಿಸಿದರೆ ಅದು 72 ಸೆಕೆಂಡಿನಲ್ಲಿ ಓಡಿ ಮುಗಿಯುತ್ತದೆ. ಅಜ್ಜಿ ಬಾಯಿ ಮುಚ್ಚಿದ ಮೇಲೂ ದನಿ ಬರುತ್ತಿರುತ್ತದೆ.

ಈಗ ನಿಜವಾದ ಪ್ರಶ್ನೆಗೆ ಬರೋಣ. ಎಲ್ಲಿ ಟೂಸ್ ಸಾಕು, ಎಲ್ಲಿ ಒನ್ಸ್ ಬೇಕು? ‘ವೇಗವಾದದ್ದಕ್ಕೆ ಒನ್ಸ್’ ಎಂದು ಪುಸ್ತಕಗಳು ಹೇಳುತ್ತವೆ. ವೇಗ ಎಂದರೆ ಎಷ್ಟು? ಅದನ್ನು ಅಳೆಯಲು ಒಂದು ಸುಲಭ ಉಪಾಯವಿದೆ. ಒಂದರ ನಂತರ ಒಂದು ಬರುವ ಎರಡು ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ಎರಡು ಆಕೃತಿಗಳೂ ಒಂದನ್ನೊಂದು ಸ್ವಲ್ಪವಾದರೂ ಮುಚ್ಚುತ್ತಿದ್ದರೆ ಕಣ್ಣು ಅವನ್ನು ಒಂದೇ ವಸ್ತು ಎಂದು ಜೋಡಿಸಿಕೊಳ್ಳುತ್ತದೆ. ನಡುವೆ ಬಿಳಿ ಜಾಗ ಉಳಿದರೆ ಜೋಡಿಸಿಕೊಳ್ಳಲು ಒದ್ದಾಡುತ್ತದೆ. ಆಗ ಒಂದು ಕಾಗೆ ಹಾರಿದಂತೆ ಕಾಣದೆ, ಸಾಲಾಗಿ ನಾಲ್ಕು ಕಾಗೆಗಳು ಮಿನುಗಿ ಮಾಯವಾದಂತೆ ಕಾಣುತ್ತದೆ.

ನನ್ನ ಕಾಗೆ ಪರದೆಯ ಮೇಲೆ 150 ಪಿಕ್ಸೆಲ್ ಉದ್ದ. ಪರದೆಯ ಅಗಲ 1920. ಹಪ್ಪಳ ಕಚ್ಚಿಕೊಂಡು ಅದು ಒಂದು ಸೆಕೆಂಡಿನಲ್ಲಿ ಈ ತುದಿಯಿಂದ ಆ ತುದಿಗೆ ಹಾರುತ್ತದೆ. ಅಂದರೆ ಫ್ರೇಮಿಗೆ 80 ಪಿಕ್ಸೆಲ್. ಟೂಸ್‌ನಲ್ಲಿ ಒಂದು ಚಿತ್ರದಿಂದ ಇನ್ನೊಂದಕ್ಕೆ 160 ಪಿಕ್ಸೆಲ್ ಜಿಗಿತ, ಕಾಗೆಯ ಮೈಯುದ್ದಕ್ಕಿಂತ ಹೆಚ್ಚು. ಮಿನುಗಿತು. ಒನ್ಸ್ ಮಾಡಿದಾಗ 80ರ ಜಿಗಿತ, ಮೈಯ ಅರ್ಧದಷ್ಟು ಮೈಮೇಲೇ ಬಿತ್ತು, ಹಾರಾಟ ಕೂಡಿಕೊಂಡಿತು. ಒನ್ಸ್‌ಗೆ ಹೋಗಲು ಮನಸ್ಸಿಲ್ಲದಿದ್ದರೆ ಇನ್ನೊಂದು ದಾರಿ: ಅತಿ ವೇಗದ ಒಂದೆರಡು ಚಿತ್ರಗಳಲ್ಲಿ ಆಕೃತಿಯನ್ನೇ ಹಾರುವ ದಿಕ್ಕಿಗೆ ಎಳೆದು, ಉದ್ದ ಮಾಡಿ, ಬಣ್ಣ ಬಳಿದಂತೆ ಬಿಡಿಸುವುದು. ಉದ್ದವಾದ ಆಕೃತಿ ಹಿಂದಿನ ಚಿತ್ರವನ್ನು ಮುಟ್ಟುತ್ತದೆ, ಬಿಳಿ ಜಾಗ ತುಂಬಿಹೋಗುತ್ತದೆ. ಒಂಟಿಯಾಗಿ ನಿಲ್ಲಿಸಿ ನೋಡಿದರೆ ವಿಕಾರ, ಓಡುವಾಗ ಸಲೀಸು.

ಕಾಗೆಗೆ ಒನ್ಸ್ ಬೇಕಾದ ಇನ್ನೊಂದು ಕಾರಣ ರೆಕ್ಕೆ. ನಮ್ಮ ಮನೆಯ ಹಿತ್ತಲಿನ ಕಾಗೆಗಳನ್ನು ಮೊಬೈಲಿನಲ್ಲಿ ಹಿಡಿದು ನಿಧಾನಕ್ಕೆ ಓಡಿಸಿ ಎಣಿಸಿದೆ. ಸೆಕೆಂಡಿಗೆ ಸುಮಾರು ನಾಲ್ಕು ಬಡಿತ. ಹಾಗಾದರೆ ಒಂದು ಬಡಿತಕ್ಕೆ ಆರು ಫ್ರೇಮು. ಟೂಸ್‌ನಲ್ಲಿ ಅದಕ್ಕೆ ಸಿಗುವುದು ಮೂರೇ ಚಿತ್ರ: ರೆಕ್ಕೆ ಮೇಲೆ, ನಡುವೆ, ಕೆಳಗೆ. ಕೆಳಗಿಳಿಯುವಾಗ ರೆಕ್ಕೆ ಚಾಚಿರುತ್ತದೆ, ಮೇಲೇರುವಾಗ ಮಡಚಿರುತ್ತದೆ. ಆ ವ್ಯತ್ಯಾಸವನ್ನು ತೋರಿಸಲು ಮೂರು ಚಿತ್ರದಲ್ಲಿ ಜಾಗವಿಲ್ಲ. ಕಾಗೆ ಹಾರುವುದನ್ನು ಬಿಟ್ಟು ನಡುಗತೊಡಗುತ್ತದೆ. ಒನ್ಸ್‌ನ ಆರು ಚಿತ್ರದಲ್ಲಿ ಮೂರು ಇಳಿಯಲು, ಮೂರು ಏರಲು. ರೆಕ್ಕೆ ಗಾಳಿಯನ್ನು ಒತ್ತಿತು.

ಹಾಗೆಂದು ಒನ್ಸ್ ಯಾವಾಗಲೂ ಮೇಲು, ದುಡ್ಡಿಲ್ಲದವರು ಟೂಸ್ ಮಾಡುತ್ತಾರೆ ಎಂದುಕೊಳ್ಳಬೇಡಿ. ನಾನು ಹಾಗೆ ಅಂದುಕೊಂಡು ಅಜ್ಜಿ ತೂಕಡಿಸುವ ದೃಶ್ಯದ ಒಂದು ತುಣುಕನ್ನು ಒನ್ಸ್‌ನಲ್ಲಿ ಬಿಡಿಸಿದೆ. ತಲೆ ನಿಧಾನವಾಗಿ ಎದೆಯತ್ತ ಬಾಗಬೇಕು. ಅಷ್ಟು ನಿಧಾನದ ಚಲನೆಯಲ್ಲಿ ಒಂದು ಚಿತ್ರದಿಂದ ಇನ್ನೊಂದಕ್ಕೆ ತಲೆ ಸರಿಯುವುದು ಒಂದೆರಡು ಪಿಕ್ಸೆಲ್. ನನ್ನ ಗೆರೆಯ ನಡುಕವೇ ಅದಕ್ಕಿಂತ ಹೆಚ್ಚು! ಓಡಿಸಿ ನೋಡಿದರೆ ಅಜ್ಜಿಗೆ ನಿದ್ದೆ ಬಂದಂತಿಲ್ಲ, ಚಳಿಜ್ವರ ಬಂದಂತಿದೆ. ಅದನ್ನೇ ಥ್ರೀಸ್‌ಗೆ ಇಳಿಸಿ ಮೂರರಲ್ಲಿ ಎರಡು ಚಿತ್ರ ಎಸೆದೆ. ಮೂರು ಫ್ರೇಮಿಗೊಮ್ಮೆ ತಲೆ ಕಾಣುವಷ್ಟು ಸರಿಯಿತು, ಗೆರೆಯ ನಡುಕ ಆ ಸರಿತದೊಳಗೆ ಮುಚ್ಚಿಹೋಯಿತು. ಎರಡು ರಾತ್ರಿಯ ಶ್ರಮವನ್ನು ಎಸೆದ ಮೇಲೆ ಸಿನಿಮಾ ಸುಧಾರಿಸಿದ್ದು ಅದೇ ಮೊದಲು.

ಟೂಸ್‌ನಲ್ಲಿ ಮಾಡಿದ್ದಕ್ಕೆ ನಡುವೆ ಒಂದೊಂದು ಚಿತ್ರ ತುರುಕಿ ಒನ್ಸ್ ಮಾಡುವುದೂ ಅಷ್ಟೇ ಅಪಾಯ. ಎರಡು ಭಂಗಿಗಳ ಸರಿಯಾದ ಮಧ್ಯದಲ್ಲಿ ಇನ್ನೊಂದು ಭಂಗಿ ಇಟ್ಟರೆ ಎಲ್ಲ ಚಲನೆಯೂ ಸಮ ವೇಗಕ್ಕೆ ಬಂದುಬಿಡುತ್ತದೆ, ಏಟಿಗೆ ಏಟಿನ ಚುರುಕು ಇರುವುದಿಲ್ಲ, ಕೋಲು ನೀರಿನಲ್ಲಿ ಬೀಸಿದಂತೆ ತೇಲುತ್ತದೆ. ಟೂಸ್‌ನಲ್ಲಿ ಕಣ್ಣು ತಾನೇ ತುಂಬಿಕೊಳ್ಳುತ್ತಿದ್ದ ಜಾಗವನ್ನು ನಾವು ತಪ್ಪಾಗಿ ತುಂಬಿರುತ್ತೇವೆ. ‘ದಿ ಅನಿಮೇಟರ್ಸ್ ಸರ್ವೈವಲ್ ಕಿಟ್’ ಬರೆದ ರಿಚರ್ಡ್ ವಿಲಿಯಮ್ಸ್ ಒನ್ಸ್‌ನ ಕಟ್ಟಾ ಅಭಿಮಾನಿ. 1988ರ ‘ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್’ ಸಿನಿಮಾದಲ್ಲಿ ಅವರು ಒನ್ಸ್ ಹಿಡಿದದ್ದಕ್ಕೆ ಬಲವಾದ ಕಾರಣವೂ ಇತ್ತು: ಕಾರ್ಟೂನ್ ಮೊಲ ನಿಜವಾದ ನಟರ ಪಕ್ಕದಲ್ಲಿ, ಓಡಾಡುವ ಕ್ಯಾಮೆರಾದ ಎದುರು ನಿಲ್ಲಬೇಕಿತ್ತು. ಶೂಟ್ ಮಾಡಿದ ಭಾಗ ಪ್ರತಿ ಫ್ರೇಮಿಗೂ ಬದಲಾಗುವಾಗ ಮೊಲ ಮಾತ್ರ ಎರಡಕ್ಕೊಮ್ಮೆ ಬದಲಾದರೆ ಅದು ನೆಲದ ಮೇಲೆ ಜಾರುತ್ತದೆ. ಆದರೆ ಅವರ ಹಿಂದೆ ನುರಿತ ಅನಿಮೇಟರುಗಳ ದಂಡೇ ಇತ್ತು. ನನ್ನ ಹಿಂದೆ ಇದ್ದದ್ದು ಒಂದು ಟೇಬಲ್ ಫ್ಯಾನು.

ಜಾರುವುದು ಎಂದೆನಲ್ಲ, ಅದು ನನಗೂ ಆಯಿತು. ಇಡೀ ಸಿನಿಮಾದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅದೇ. ಅಜ್ಜಿ ಎದ್ದು, ಕೋಲು ಬೀಸುತ್ತ, ತಾರಸಿಯುದ್ದ ಕಾಗೆಯ ಹಿಂದೆ ಓಡುತ್ತಾಳೆ. ಕ್ಯಾಮೆರಾ ಅವಳ ಜೊತೆಗೇ ಸರಿಯುತ್ತದೆ. ಅಂದರೆ ಅಜ್ಜಿ ಪರದೆಯ ಮಧ್ಯದಲ್ಲೇ ಕಾಲು ಹಾಕುತ್ತಿರುತ್ತಾಳೆ, ಹಿನ್ನೆಲೆ ಹಿಂದಕ್ಕೆ ಜಾರುತ್ತಿರುತ್ತದೆ. ಒಂದು ಹೆಜ್ಜೆಗೆ 8 ಫ್ರೇಮು, ಹೆಜ್ಜೆಯ ಉದ್ದ 160 ಪಿಕ್ಸೆಲ್, ಆದ್ದರಿಂದ ಹಿನ್ನೆಲೆ ಫ್ರೇಮಿಗೆ 20 ಪಿಕ್ಸೆಲ್ ಸರಿಯಬೇಕು. ಅಜ್ಜಿಯನ್ನು ಟೂಸ್‌ನಲ್ಲಿ ಬಿಡಿಸಿ, ಹಿನ್ನೆಲೆಯನ್ನು ಪ್ರತಿ ಫ್ರೇಮಿಗೂ ಸರಿಸಿದೆ. ಓಡಿಸಿದರೆ ಅಜ್ಜಿ ಎಣ್ಣೆ ಚೆಲ್ಲಿದ ನೆಲದ ಮೇಲೆ ನಡುಗುತ್ತ ಜಾರುತ್ತಿದ್ದಳು. ಕಾಲು ಸರಿಯಾಗಿ ಬಿಡಿಸಿಲ್ಲ ಎಂದು ಎರಡು ಬಾರಿ ಮತ್ತೆ ಬಿಡಿಸಿದೆ. ತಪ್ಪು ಕಾಲಿನದಲ್ಲ.

ಒಂದೊಂದೇ ಫ್ರೇಮು ಒತ್ತಿ ನೋಡಿದಾಗ ಕಂಡದ್ದು ಇದು. ಮೊದಲ ಫ್ರೇಮಿನಲ್ಲಿ ಹಿಮ್ಮಡಿ ತಾರಸಿಯ ಒಂದು ಬಿರುಕಿನ ಮೇಲಿದೆ. ಎರಡನೇ ಫ್ರೇಮಿನಲ್ಲಿ ಬಿರುಕು 20 ಪಿಕ್ಸೆಲ್ ಹಿಂದೆ ಹೋಯಿತು, ಹಿಮ್ಮಡಿ ಅಲ್ಲೇ ಇದೆ, ಏಕೆಂದರೆ ಚಿತ್ರ ಇನ್ನೂ ಹಳೆಯದೇ. ಮೂರನೇ ಫ್ರೇಮಿಗೆ ಹೊಸ ಚಿತ್ರ, ಹಿಮ್ಮಡಿ ಒಮ್ಮೆಲೇ 40 ಪಿಕ್ಸೆಲ್ ಹಿಂದೆ ಹಾರಿ ಬಿರುಕನ್ನು ಹಿಡಿಯಿತು. ನಾಲ್ಕರಲ್ಲಿ ಮತ್ತೆ ತಪ್ಪಿತು. ಸೆಕೆಂಡಿಗೆ 12 ಸಲ ಕಾಲು ನೆಲ ಬಿಡುತ್ತಿತ್ತು, ಹಿಡಿಯುತ್ತಿತ್ತು. ನಿಮ್ಮ ಸಿನಿಮಾದಲ್ಲಿ ಹೀಗಾಗುತ್ತಿದೆಯೇ ಎಂದು ಪರೀಕ್ಷಿಸಲು ಇದೇ ದಾರಿ. ನೆಲದ ಮೇಲೆ ಹಿಮ್ಮಡಿಯ ಪಕ್ಕ ಒಂದು ಗುರುತು ಹಾಕಿ, ಕಾಲು ಊರಿರುವಷ್ಟು ಹೊತ್ತು ಫ್ರೇಮ್ ಒತ್ತುತ್ತ ಹೋಗಿ. ಗುರುತು ಮತ್ತು ಹಿಮ್ಮಡಿಯ ನಡುವಿನ ಅಂತರ ಒಮ್ಮೆಯೂ ಬದಲಾಗಬಾರದು.

ಚಿತ್ರ ಬದಲಾಗದ ಫ್ರೇಮಿನಲ್ಲಿ ಅಜ್ಜಿಯ ಪದರವನ್ನೂ ಹಿನ್ನೆಲೆಯ ಜೊತೆ 20 ಪಿಕ್ಸೆಲ್ ತಳ್ಳಿ ನೋಡಿದೆ. ಕಾಲು ಅಂಟಿತು, ಆದರೆ ಈಗ ಇಡೀ ಮೈ ಪರದೆಯ ಮಧ್ಯದಲ್ಲಿ ಹಿಂದೆ ಮುಂದೆ ಅಲುಗತೊಡಗಿತು. ಹಿನ್ನೆಲೆಯನ್ನೂ ಟೂಸ್‌ಗೆ ಇಳಿಸಿ 40 ಪಿಕ್ಸೆಲ್ ಜಿಗಿಸಿದೆ. ಕಾಲು ಅಂಟಿತು, ತಾರಸಿಯ ಕಂಬಿಗಳು ಕಣ್ಣಿಗೆ ಚುಚ್ಚಿದವು. ನಿಧಾನವಾಗಿ ಸರಿಯುವ ಮಂಜಿನ ಬೆಟ್ಟವಾಗಿದ್ದರೆ ಅದು ನಡೆಯುತ್ತಿತ್ತೇನೋ, ಒಂದರ ಪಕ್ಕ ಒಂದು ನಿಂತ ನೇರ ಕಂಬಿಗಳಿಗೆ ನಡೆಯಲಿಲ್ಲ. ಕೊನೆಗೆ ಒನ್ಸ್‌ಗೇ ಶರಣಾದೆ.

ಶರಣಾದ ಮೇಲೆ ಲೆಕ್ಕ ನೋಡಿದರೆ ನಗು ಬಂತು. ಓಟ ಎಂದರೆ ಎರಡು ಹೆಜ್ಜೆಯ ಸುತ್ತು, ಅದೇ ಮತ್ತೆ ಮತ್ತೆ ಬರುತ್ತದೆ. ಹೆಜ್ಜೆಗೆ 8 ಫ್ರೇಮಾದರೆ ಎರಡು ಹೆಜ್ಜೆಗೆ 16. ಒನ್ಸ್‌ನಲ್ಲಿ 16 ಚಿತ್ರ, ಟೂಸ್‌ನಲ್ಲಿ 8. ಹತ್ತು ಸೆಕೆಂಡಿನ ಓಟಕ್ಕೆ ಇವೇ 16 ಚಿತ್ರ ಹದಿನೈದು ಸಲ ಸುತ್ತುತ್ತವೆ. ಸೆರಗಿನ ಪದರಕ್ಕೆ ಇನ್ನು 16. ಟೂಸ್ ಹಿಡಿದು ನಾನು ಉಳಿಸಲು ಒದ್ದಾಡಿದ್ದು ಹದಿನಾರೇ ಚಿತ್ರ, ಅದಕ್ಕಾಗಿ ಕಳೆದದ್ದು ಒಂದು ವಾರ. ಸುತ್ತಿ ಸುತ್ತಿ ಬರುವ ಚಲನೆಯಲ್ಲಿ ಒನ್ಸ್ ಅಗ್ಗ. ಒಂದೇ ಸಲ ಬಂದು ಹೋಗುವ ನಟನೆಯಲ್ಲಿ ದುಬಾರಿ. ಜಿಪುಣತನ ತೋರಿಸಬೇಕಾದ ಜಾಗ ಎರಡನೆಯದು.

ಆ ಜಿಪುಣತನದ ದೊಡ್ಡ ಮೇಷ್ಟ್ರು ಜಪಾನಿನ ಒಸಾಮು ತೆಜುಕಾ. 1963ರ ಜನವರಿಯಲ್ಲಿ ಶುರುವಾದ ಅವರ ‘ಆಸ್ಟ್ರೋ ಬಾಯ್’ ವಾರಕ್ಕೊಂದು ಅರ್ಧ ಗಂಟೆಯ ಕಂತು ಕೊಡಬೇಕಿತ್ತು. ಟೂಸ್‌ನಲ್ಲಿ ಕೂತರೂ ಮುಗಿಯುವ ಕೆಲಸವಲ್ಲ. ಅವರು ಥ್ರೀಸ್‌ಗೆ ಇಳಿದರು. ಅದಕ್ಕಿಂತ ಹೆಚ್ಚಾಗಿ, ಚಲನೆಯೇ ಇಲ್ಲದ ಚಿತ್ರಗಳನ್ನು ಧೈರ್ಯವಾಗಿ ನಿಲ್ಲಿಸಿದರು. ಮುಖ ಸ್ಥಿರ, ಬಾಯಿ ಮಾತ್ರ ಆಡುತ್ತದೆ. ದೇಹ ಸ್ಥಿರ, ಕ್ಯಾಮೆರಾ ಮಾತ್ರ ಸರಿಯುತ್ತದೆ. ಇದನ್ನು ಬಡತನ ಎಂದು ಹಳಿದವರಿದ್ದಾರೆ. ಆದರೆ ನಿಲ್ಲಿಸಿದ ಚಿತ್ರಕ್ಕೂ ಅದರದೇ ಬಿಗಿ ಇದೆ. ಯಕ್ಷಗಾನದ ವೇಷ ಕುಣಿದು ಥಟ್ಟನೆ ನಿಂತಾಗ ನಾವು ಉಸಿರು ಹಿಡಿಯುವುದಿಲ್ಲವೇ?

ನನ್ನ ಸಿನಿಮಾದಲ್ಲಿ ನಿಜವಾಗಿ ಉಳಿದದ್ದು ಇಲ್ಲೇ. ಒನ್ಸೋ ಟೂಸೋ ಎಂಬ ಚರ್ಚೆಗಿಂತ, ಯಾವುದು ಅಲುಗುವುದೇ ಬೇಡ ಎಂಬ ತೀರ್ಮಾನ ಹೆಚ್ಚು ಚಿತ್ರ ಉಳಿಸುತ್ತದೆ. ಅಜ್ಜಿ ಹಪ್ಪಳ ಹರಡುವ ದೃಶ್ಯ 20 ಸೆಕೆಂಡು, 480 ಫ್ರೇಮು. ಪೂರ್ತಿ ಟೂಸ್ ಆದರೆ 240 ಚಿತ್ರ. ನಮ್ಮ ಮನೆಯಲ್ಲಿ ಹಪ್ಪಳ ಹಾಕುವವರನ್ನು ಗಡಿಯಾರ ಹಿಡಿದು ನೋಡಿದೆ. ಹಪ್ಪಳ ಇಡುತ್ತಾರೆ, ಅಂಚು ಸರಿಯಾಯಿತೇ ಎಂದು ನೋಡುತ್ತಾರೆ, ಒಂದು ಗಳಿಗೆ ನಿಲ್ಲುತ್ತಾರೆ, ಮತ್ತೆ ಕೈ ಚಾಚುತ್ತಾರೆ. ಹೆಚ್ಚುಕಡಿಮೆ ಅರ್ಧ ಹೊತ್ತು ಮೈ ನಿಂತೇ ಇರುತ್ತದೆ. ಆ ಅರ್ಧವನ್ನು ನಿಲ್ಲಿಸಿಬಿಟ್ಟೆ. ಚಲಿಸುವ 240 ಫ್ರೇಮಿಗೆ ಟೂಸ್‌ನಲ್ಲಿ 120 ಚಿತ್ರ, ನಿಂತಾಗ ಕಣ್ಣು ಮಿಟುಕಿಸಲು ಮತ್ತು ಬಳೆ ಅಲುಗಲು ಹತ್ತು. ಒಟ್ಟು 130.

ಆ ಹತ್ತು ಚಿತ್ರವನ್ನು ಬಿಡಬೇಡಿ. ಏನೂ ಅಲುಗದ ಚಿತ್ರ ಅರ್ಧ ಸೆಕೆಂಡು ನಿಂತರೆ ನಟನೆ. ಎರಡು ಸೆಕೆಂಡು ನಿಂತರೆ ನೋಡುವವರು ಮೊಬೈಲ್ ನೆಟ್ ಹೋಯಿತೇ ಎಂದು ನೋಡುತ್ತಾರೆ. ಒಂದು ಕಣ್ಣುರೆಪ್ಪೆ, ಗಾಳಿಗೆ ಒಂದು ಸೆರಗಿನ ತುದಿ, ಇಷ್ಟು ಸಾಕು. ತೂಕಡಿಸುವ ದೃಶ್ಯದ ಹೆಚ್ಚಿನ ಹೊತ್ತು ಅಜ್ಜಿಗೆ ಉಸಿರಾಟವೊಂದೇ ಕೊಟ್ಟೆ. 1914ರಲ್ಲಿ ‘ಗರ್ಟಿ’ ಎಂಬ ಡೈನೊಸಾರ್ ಬಿಡಿಸಿದ ವಿನ್ಸರ್ ಮೆಕೇ ಅದರ ಉಸಿರಾಟಕ್ಕಾಗಿ ತನ್ನ ಉಸಿರನ್ನೇ ಗಡಿಯಾರ ಹಿಡಿದು ಅಳೆದಿದ್ದನಂತೆ. ನಾನೂ ಅಳೆದೆ, ಒಂದು ಉಸಿರಿಗೆ ಮೂರು ಸೆಕೆಂಡು. 72 ಫ್ರೇಮು, ಥ್ರೀಸ್‌ನಲ್ಲಿ 24 ಚಿತ್ರ. ಆದರೆ ಎದೆ ಏರುವ 12 ಚಿತ್ರಗಳನ್ನೇ ಹಿಂದುಮುಂದಾಗಿ ಓಡಿಸಿದರೆ ಇಳಿಯುತ್ತದೆ. 12 ಬಿಡಿಸಿದೆ. ಒಣಹಾಕಿದ ಸೀರೆಗೆ ಥ್ರೀಸ್‌ನಲ್ಲಿ ಎಂಟೇ ಚಿತ್ರ, ಸೆಕೆಂಡಿಗೊಂದು ಸುತ್ತು.

ಮಾತಿನ ಜಾಗದಲ್ಲಿ ಒಂದು ಕಿರಿಕಿರಿ ಬರುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಕಾಗೆ ನೀರಿನ ಟ್ಯಾಂಕಿನ ಮೇಲೆ ಕೂತು ಹಪ್ಪಳ ಮುರಿಯುತ್ತದೆ. ಅಜ್ಜಿ ಕೆಳಗಿನಿಂದ ‘ನಿನ್ನ ಮನೆ ಕಾಯ್ವಾಗ’ ಎಂದು ಬೈಯುತ್ತಾಳೆ. ಅವಳ ತಲೆ, ಕೈ ಟೂಸ್. ಬಾಯಿಯನ್ನೂ ಟೂಸ್‌ನಲ್ಲಿ ಕಟ್ಟಿದಾಗ ‘ಮನೆ’ಯ ಮಕಾರಕ್ಕೆ ತುಟಿ ಕೂಡಬೇಕಾದ ಕ್ಷಣ ಎರಡು ಚಿತ್ರಗಳ ನಡುವೆ ಸಿಕ್ಕಿಕೊಂಡು ತಡವಾಗಿ ಬಂತು. ಪ, ಬ, ಮ ಬಂದಾಗ ತುಟಿ ಕೂಡಲಿಲ್ಲವೆಂದರೆ ಮಕ್ಕಳೂ ಹಿಡಿದುಬಿಡುತ್ತಾರೆ. ಬಾಯಿಯನ್ನು ಬೇರೆ ಪದರದಲ್ಲಿ ಇಟ್ಟು, ಬೇಕಾದ ಫ್ರೇಮಿಗೆ ಸರಿಯಾಗಿ ಕೂರಿಸಿದೆ. ಮುಚ್ಚಿದ ತುಟಿ ಎರಡು ಫ್ರೇಮಾದರೂ ನಿಲ್ಲಬೇಕು, ಹಿಂದಿನ ಸ್ವರದಿಂದ ಒಂದು ಫ್ರೇಮು ಕದ್ದಾದರೂ ಸರಿ. ದನಿಗಿಂತ ಒಂದು ಫ್ರೇಮು ಮೊದಲೇ ತುಟಿ ಕೂಡಿದರೆ ಇನ್ನೂ ಒಳ್ಳೆಯದು. ಎಂಟು ಬಾಯಿಗಳಲ್ಲಿ ಎರಡು ಸಾಲೂ ಮುಗಿದವು. 24ರ ತಾಳ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ.

ಒಂದೇ ದೃಶ್ಯದಲ್ಲಿ ಒಬ್ಬರು ಟೂಸ್, ಇನ್ನೊಬ್ಬರು ಒನ್ಸ್ ಇದ್ದರೆ ಕೆಡುವುದಿಲ್ಲವೇ ಎಂದು ಗೆಳೆಯರೊಬ್ಬರು ಕೇಳಿದರು. ಕಾರಣ ಇದ್ದರೆ ಕೆಡುವುದಿಲ್ಲ. 2018ರ ‘ಸ್ಪೈಡರ್‌ಮ್ಯಾನ್: ಇನ್‌ಟು ದಿ ಸ್ಪೈಡರ್‌ವರ್ಸ್’ ಕಂಪ್ಯೂಟರಿನಲ್ಲಿ ಮಾಡಿದ ಸಿನಿಮಾ, ಚಿತ್ರ ಉಳಿಸುವ ಬಡತನ ಅದಕ್ಕಿರಲಿಲ್ಲ. ಆದರೂ ಕಾಡಿನ ದೃಶ್ಯದಲ್ಲಿ ಇನ್ನೂ ಪಳಗದ ಹುಡುಗ ಮೈಲ್ಸ್ ಟೂಸ್‌ನಲ್ಲಿ ತಡವರಿಸುತ್ತಾನೆ, ಪಳಗಿದ ಪೀಟರ್ ಒನ್ಸ್‌ನಲ್ಲಿ ಸಲೀಸಾಗಿ ತೂಗುತ್ತಾನೆ. ನನ್ನಲ್ಲೂ ಅದು ತಾನಾಗಿ ಒದಗಿತು. ಕಾಗೆ ಒನ್ಸ್‌ನಲ್ಲಿ ಚುರುಕು, ಅಜ್ಜಿ ಟೂಸ್‌ನಲ್ಲಿ ನಿಧಾನ. ಆದರೆ ಎರಡೂ ಒಂದನ್ನೊಂದು ಮುಟ್ಟುವ ಜಾಗದಲ್ಲಿ ಒಂದೇ ಕಾಲಕ್ಕೆ ಬರಬೇಕು. ಕಾಗೆಯ ಕೊಕ್ಕು ಹಪ್ಪಳವನ್ನು ಎತ್ತುವಾಗ ಹಪ್ಪಳ ಟೂಸ್‌ನಲ್ಲಿ ಉಳಿದಿತ್ತು, ಒಂದು ಫ್ರೇಮು ಕೊಕ್ಕಿಗೂ ಹಪ್ಪಳಕ್ಕೂ ಸಂಬಂಧವೇ ಇರಲಿಲ್ಲ. ಹಪ್ಪಳವನ್ನೂ ಒನ್ಸ್‌ಗೆ ಏರಿಸಬೇಕಾಯಿತು.

ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಳ್ಳಲಾಗದು. ಅನಿಮೇಟರುಗಳು ಇದಕ್ಕೆ ಎಕ್ಸ್‌ಪೋಶರ್ ಶೀಟ್ ಎಂಬ ಉದ್ದನೆಯ ಹಾಳೆ ಬಳಸುತ್ತಾರೆ. ಕೆಳಮುಖವಾಗಿ ಫ್ರೇಮಿಗೊಂದು ಸಾಲು, ಅಡ್ಡಕ್ಕೆ ಪದರಕ್ಕೊಂದು ಕಂಬ. ಯಾವ ಚಿತ್ರ ಯಾವ ಸಾಲಿನಿಂದ ಯಾವ ಸಾಲಿನವರೆಗೆ ನಿಲ್ಲಬೇಕೆಂದು ಅಲ್ಲಿ ಮೊದಲೇ ಬರೆದಿರುತ್ತದೆ. ನಾನು ಮೊದಲು ಗುಂಡು ತಲೆ, ಕಡ್ಡಿ ಕೈಕಾಲಿನ ಒರಟು ಚಿತ್ರಗಳಲ್ಲಿ ಇಡೀ ಸಿನಿಮಾ ಓಡಿಸಿ, ಪ್ರತಿ ದೃಶ್ಯದ ಮುಂದೆ ಒಂದು, ಎರಡು, ಮೂರು ಎಂದು ಬರೆದು, ಚಿತ್ರಗಳನ್ನು ಎಣಿಸಿದೆ. 406 ಬಂತು. 20 ನಿಮಿಷದ ಲೆಕ್ಕದಲ್ಲಿ ಸುಮಾರು 135 ಗಂಟೆ. ಬಾಯಿ, ಕಣ್ಣುರೆಪ್ಪೆಗಳಿಗೆ 20 ನಿಮಿಷ ಬೇಡವಾದ್ದರಿಂದ ಇನ್ನೂ ಸ್ವಲ್ಪ ಕಡಿಮೆ.

ಮುಗಿಯುವ ಹೊತ್ತಿಗೆ ಎಣಿಕೆ 431ಕ್ಕೆ ಹೋಗಿತ್ತು. ಹೆಚ್ಚಾದ 25 ಚಿತ್ರಗಳಲ್ಲಿ ನಾಲ್ಕು ಆ ಹಪ್ಪಳದ್ದು. ಉಳಿದ 21 ಕೊನೆಯಲ್ಲಿ ಅಜ್ಜಿ ಬೈಯುವುದು ಬಿಟ್ಟು ನಗುವ ಜಾಗದವು. ಅಲ್ಲಿ ಒಂದೇ ಮುಖವನ್ನು ನಿಲ್ಲಿಸಿ ಉಳಿಸಬಹುದೆಂದು ಹಾಳೆಯಲ್ಲಿ ಬರೆದುಕೊಂಡಿದ್ದೆ. ಉಳಿಯಲಿಲ್ಲ. ನಗು ಟೂಸ್‌ನಲ್ಲೇ ಇದೆ.